ಹಣ ಉಳಿದಿದೆ, ಅವಧಿ ಮುಗಿಯುತ್ತಿದೆ: ಅವಧಿ ವಿಸ್ತರಣೆಗೆ ಹೇಗೆ ಬರೆಯಬೇಕು?

ಪ್ರಶ್ನೆ: ನಮ್ಮದು ಸಣ್ಣ ಸಂಸ್ಥೆ. ಒಂದು ಕಂಪನಿಯ ಸಿಎಸ್‌ಆರ್ ಹಣದಲ್ಲಿ ಕೆರೆ ಹೂಳೆತ್ತಿಸ್ತಾ ಇದ್ದೀವಿ. ಇನ್ನು ಮೂರು ತಿಂಗಳಿಗೆ ಅವಧಿ ಮುಗಿಯುತ್ತೆ, ಕೆಲಸ ಅರ್ಧವೂ ಆಗಿಲ್ಲ, ದುಡ್ಡು ಹಾಗೇ ಇದೆ. ಹೆಚ್ಚಿಗೆ ಹಣ ಬೇಡ, ಸಮಯ ಮಾತ್ರ ಕೊಡಿ ಅಂತ ಪತ್ರ ಬರೆಯೋದು ಹೇಗೆ? ತಡ ಆಗಿದ್ದಕ್ಕೆ ಏನಂತ ಕಾರಣ ಕೊಡಬೇಕು?

ಉತ್ತರ:

ನಾನು ಕೊಪ್ಪಳ ಜಿಲ್ಲೆಯಲ್ಲಿ ಇದೇ ಕೆಲಸದಲ್ಲಿದ್ದೇನೆ. 2024ರಲ್ಲಿ ನಿಮ್ಮಂಥದ್ದೇ ಪತ್ರ ಬರೆದು ಒಂಬತ್ತು ತಿಂಗಳು ಪಡೆದೆವು. ಅದಕ್ಕೂ ಹಿಂದೆ ಇನ್ನೊಂದು ಯೋಜನೆಯಲ್ಲಿ "ಮಳೆಯಿಂದ ವಿಳಂಬವಾಗಿದೆ, ದಯವಿಟ್ಟು ಮೂರು ತಿಂಗಳು ಕೊಡಿ" ಅಂತ ನಾಲ್ಕು ಸಾಲು ಬರೆದು, ಮೂರು ತಿಂಗಳಾದ ಮೇಲೆ ಮತ್ತೆ ಕೈಚಾಚಬೇಕಾಗಿ ಬಂದಿತ್ತು. ಎರಡನೇ ಸಲ ಅವರು ಕೊಡಲಿಲ್ಲ, ಉಳಿದ ಹಣ ವಾಪಸ್ ಹೋಯಿತು. ಆ ಎರಡು ಪತ್ರಗಳ ನಡುವೆ ನಾನು ಕಲಿತದ್ದನ್ನು ಹೇಳುತ್ತೇನೆ.

ಎಷ್ಟು ತಿಂಗಳು ತಡವಾಯಿತೋ ಅಷ್ಟೇ ತಿಂಗಳು ಕೇಳುವುದು ನಮ್ಮಂಥವರು ಮಾಡುವ ಮೊದಲ ತಪ್ಪು. ಹೂಳೆತ್ತುವ ಕೆಲಸಕ್ಕೆ ವರ್ಷದಲ್ಲಿ ಇರುವುದೇ ಸುಮಾರು ನಾಲ್ಕು ತಿಂಗಳು, ಫೆಬ್ರವರಿಯಿಂದ ಮೇ ಕೊನೆಯವರೆಗೆ. ಕೆರೆ ಒಣಗಿರಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಕಂಪನಿಯ ಕಚೇರಿಯಲ್ಲಿ ಕೂತವರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇದೆ: ಹೂಳು ಹೋಗುವುದು ರೈತರ ಹೊಲಕ್ಕೆ. ಹಿಂಗಾರಿ ಜೋಳ, ಕಡಲೆ ಕೊಯ್ಲಾಗಿ ಹೊಲ ಖಾಲಿಯಾದ ಮೇಲೆ, ಮುಂಗಾರು ಬಿತ್ತನೆಗೆ ಮುಂಚೆ ಮಾತ್ರ ಅವರು ಟ್ರ್ಯಾಕ್ಟರ್ ತರುತ್ತಾರೆ. ಜೂನ್‌ನಲ್ಲಿ ಹೆಸರು, ಸಜ್ಜೆ ಬಿತ್ತಿದರೆ ಮುಗಿಯಿತು, ಕೆರೆ ಒಣಗಿದ್ದರೂ ಹೂಳು ಸುರಿಯಲು ಜಾಗ ಇರುವುದಿಲ್ಲ. ಹೀಗಾಗಿ ಏಪ್ರಿಲ್, ಮೇ ಕೈತಪ್ಪಿದರೆ ನಷ್ಟವಾಗುವುದು ಎರಡು ತಿಂಗಳಲ್ಲ, ಮುಂದಿನ ಫೆಬ್ರವರಿಯವರೆಗೆ ಕಾಯಬೇಕು. ಇದನ್ನು ಪತ್ರದ ಮೊದಲ ಪುಟದಲ್ಲೇ ಬಿಡಿಸಿ ಬರೆಯಿರಿ. ಇಲ್ಲದಿದ್ದರೆ ಎರಡೂವರೆ ತಿಂಗಳು ಕೆಲಸ ನಿಂತದ್ದಕ್ಕೆ ಒಂಬತ್ತು ತಿಂಗಳು ಯಾಕೆ ಅನ್ನುವ ಪ್ರಶ್ನೆ ಬಂದೇ ಬರುತ್ತದೆ.

ನಮ್ಮ ಲೆಕ್ಕ ಹೀಗಿತ್ತು. ಮೂರು ಕೆರೆ, 24 ಲಕ್ಷ ರೂಪಾಯಿ, ಅವಧಿ 2023ರ ಅಕ್ಟೋಬರ್ 1ರಿಂದ 2024ರ ಸೆಪ್ಟೆಂಬರ್ 30. ಮೊದಲ ಕೆರೆಯ ಕೆಲಸ ಫೆಬ್ರವರಿಯಲ್ಲೇ ಶುರುವಾಗಿತ್ತು. ಮಾರ್ಚ್ 16ಕ್ಕೆ ಲೋಕಸಭಾ ಚುನಾವಣೆ ಘೋಷಣೆಯಾಗಿ ನೀತಿ ಸಂಹಿತೆ ಬಂತು. ಶುರುವಾಗಿದ್ದ ಕೆಲಸಕ್ಕೆ ಅಡ್ಡಿಯಾಗಲಿಲ್ಲ, ಆ ಕೆರೆ ಮುಗಿಯಿತು. ಉಳಿದೆರಡು ಕೆರೆಗಳ ಅನುಮತಿ ಮಾತ್ರ ಕಚೇರಿಯಲ್ಲೇ ಉಳಿಯಿತು. ಹೊಸ ಕೆಲಸಕ್ಕೆ ಯಾರೂ ಸಹಿ ಹಾಕುವಂತಿರಲಿಲ್ಲ, ಸಿಬ್ಬಂದಿಯೆಲ್ಲ ಚುನಾವಣಾ ಕರ್ತವ್ಯದ ಮೇಲಿದ್ದರು. ನಮ್ಮಲ್ಲಿ ಮತದಾನ ಮೇ 7ಕ್ಕೆ, ಸಂಹಿತೆ ತೆಗೆದದ್ದು ಜೂನ್ 6ಕ್ಕೆ.

ಚುನಾವಣೆಯಿಂದ ತಡವಾಯಿತು ಅಂತ ಬರೆದು ಬಿಟ್ಟುಬಿಡಬಹುದಿತ್ತು. ಆದರೆ ಮೊದಲ ಕೆರೆ ಅದೇ ಚುನಾವಣೆಯ ನಡುವೆಯೇ ಮುಗಿದಿದೆಯಲ್ಲ? ಹಾಗಾದರೆ ಉಳಿದೆರಡಕ್ಕೆ ಮುಂಚೆಯೇ ಅನುಮತಿ ಯಾಕೆ ಪಡೆಯಲಿಲ್ಲ? ಓದುವವರಿಗೆ ಈ ಪ್ರಶ್ನೆ ಎರಡು ನಿಮಿಷದಲ್ಲಿ ಹೊಳೆಯುತ್ತದೆ. ಉತ್ತರ ನಮ್ಮ ಕಡೆಯೇ ಇತ್ತು. ಹಾಗಾಗಿ ಆ ಭಾಗವನ್ನು ಹೀಗೆ ಬರೆದೆವು (ಪತ್ರ ಇಂಗ್ಲಿಷಿನಲ್ಲಿತ್ತು, ಸಾರಾಂಶ ಇದು):

"ಎರಡನೇ ಮತ್ತು ಮೂರನೇ ಕೆರೆಗೆ ಅನುಮತಿ ಕೋರಿ ಫೆಬ್ರವರಿ 26ರಂದು ಅರ್ಜಿ ಕೊಟ್ಟೆವು. ಯೋಜನೆಯ ಪ್ರಕಾರ ಇದನ್ನು ಡಿಸೆಂಬರಿನಲ್ಲೇ ಕೊಡಬೇಕಿತ್ತು. ನವೆಂಬರ್ ಮಧ್ಯದಿಂದ ಆರು ವಾರ ಕ್ಷೇತ್ರ ಸಂಯೋಜಕರ ಹುದ್ದೆ ಖಾಲಿ ಇದ್ದದ್ದರಿಂದ ತಡವಾಯಿತು. ಇದು ನಮ್ಮ ಲೋಪ. ಮಾರ್ಚ್ 16ರಿಂದ ಜೂನ್ 6ರವರೆಗೆ ನೀತಿ ಸಂಹಿತೆ ಇದ್ದುದರಿಂದ ಅನುಮತಿ ಸಿಕ್ಕಿದ್ದು ಜೂನ್ 20ಕ್ಕೆ. ಅಷ್ಟರಲ್ಲಿ ಬಿತ್ತನೆ ನಡೆದಿತ್ತು. ಈಗ ಎರಡೂ ಅನುಮತಿಗಳು ಕೈಯಲ್ಲಿವೆ, ಪ್ರತಿಗಳನ್ನು ಲಗತ್ತಿಸಿದೆ."

ಕೊನೆಯ ವಾಕ್ಯವನ್ನು ಗಮನಿಸಿ. ಅಡ್ಡಿಯಾಗಿದ್ದ ಕಾರಣ ಈಗ ಇಲ್ಲ ಅನ್ನುವುದಕ್ಕೆ ಕಾಗದವೇ ಸಾಕ್ಷಿ. ಕಾರಣ ಇನ್ನೂ ಹಾಗೇ ಇದ್ದರೆ, ಅಂದರೆ ಅನುಮತಿಯೇ ಬಂದಿಲ್ಲದಿದ್ದರೆ, ವಿಸ್ತರಣೆ ಕೇಳುವ ಮೊದಲು ಅದರ ಬೆನ್ನು ಹತ್ತಿ. ಪತ್ರದ ಜತೆ ಎರಡು ಫೋಟೊ ಇಟ್ಟಿದ್ದೆವು. ಒಂದೇ ಕೆರೆ, ಒಂದೇ ಜಾಗದಲ್ಲಿ ನಿಂತು ತೆಗೆದದ್ದು, ಮೂಲೆಯಲ್ಲಿ ದಿನಾಂಕ. ಮೇ 14ರ ಚಿತ್ರದಲ್ಲಿ ತೂಬಿನ ಬುಡದವರೆಗೆ ಬಿರುಕು ಬಿಟ್ಟ ಕಪ್ಪು ಮಣ್ಣು, ಜುಲೈ 2ರ ಚಿತ್ರದಲ್ಲಿ ಅದೇ ತೂಬಿನ ಎರಡನೇ ಮೆಟ್ಟಿಲಿಗೆ ನೀರು. ಮಳೆಯ ಬಗ್ಗೆ ನಾವು ಒಂದು ವಾಕ್ಯವನ್ನೂ ಬೆಳೆಸಬೇಕಾಗಲಿಲ್ಲ.

ಇನ್ನು ದುಡ್ಡಿನ ಮಾತು. "ನೋ ಕಾಸ್ಟ್ ಎಕ್ಸ್‌ಟೆನ್ಷನ್" ಅಂದರೆ ಕಂಪನಿಗೆ ಖರ್ಚಿಲ್ಲ ಅಂತ ಅಷ್ಟೇ. ನಮಗೆ ಖರ್ಚಿದೆ. ಹಿಟಾಚಿ ಓಡದ ತಿಂಗಳಲ್ಲೂ ಸಂಯೋಜಕರಿಗೆ ಸಂಬಳ ಕೊಡಬೇಕು. ಅದು ಎಲ್ಲಿಂದ ಬರುತ್ತದೆ ಅಂತ ಪತ್ರದಲ್ಲಿ ಹೇಳದಿದ್ದರೆ ಲೆಕ್ಕ ನೋಡುವವರಿಗೆ ಅನುಮಾನ ಬರುತ್ತದೆ. ನಮ್ಮಲ್ಲಿ ಸಂಯೋಜಕರ ಸಂಬಳ 22,000, ಎಂಜಿನಿಯರ್‌ಗೆ ತಿಂಗಳಿಗೆ 15,000. ವಿಸ್ತರಣೆಯ ಒಂಬತ್ತು ತಿಂಗಳಲ್ಲಿ ಸಂಯೋಜಕರಿಗೆ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಅರ್ಧ ಸಂಬಳ ಮಾತ್ರ ಈ ಯೋಜನೆಯಿಂದ, ಉಳಿದರ್ಧ ಅವರು ಕೆಲಸ ಮಾಡುವ ಇನ್ನೊಂದು ಯೋಜನೆಯಿಂದ. ಜನವರಿಯಿಂದ ಜೂನ್‌ವರೆಗೆ ಪೂರ್ತಿ. ಎಂಜಿನಿಯರ್ ಅಗೆತದ ನಾಲ್ಕು ತಿಂಗಳು ಮಾತ್ರ. ಒಟ್ಟು 2,25,000. ಕೆಲಸವಿಲ್ಲದ ಜುಲೈನಿಂದ ಸೆಪ್ಟೆಂಬರ್‌ವರೆಗೆ ಎಂಜಿನಿಯರ್‌ರನ್ನು ಬಿಡಿಸಿದ್ದರಿಂದ 45,000 ಉಳಿಯಿತು, ಬೇಕಾದದ್ದು 1,80,000. ಇದರಲ್ಲಿ 70,000 ಮೊದಲ ಕೆರೆಯ ಹಿಟಾಚಿ ಬಾಡಿಗೆಯಲ್ಲಿ ಉಳಿದದ್ದು. ಹುದ್ದೆ ಖಾಲಿಯಿದ್ದ ಆರು ವಾರದ ಸಂಬಳ 33,000. ಮಿಕ್ಕ 77,000 ಕೆರೆಗೆ ನೀರು ಬರುವ ಕಾಲುವೆ ಕೆಲಸದ್ದು. ಅದರ ಒಂದು ಭಾಗವನ್ನು ಪಂಚಾಯಿತಿ ಉದ್ಯೋಗ ಖಾತ್ರಿಯಲ್ಲಿ ಮಾಡಿಸಿಕೊಟ್ಟಿತು. ಎರಡು ಕೆರೆ ಅಗೆಯಲು ಇಟ್ಟಿದ್ದ 10 ಲಕ್ಷದಲ್ಲಿ ಒಂದು ರೂಪಾಯಿಯನ್ನೂ ಸಂಬಳಕ್ಕೆ ತಿರುಗಿಸಲಿಲ್ಲ. ನಿಮ್ಮ ಪತ್ರ ಒಪ್ಪಿಗೆಯಾಗುವುದೂ ಬಿಡುವುದೂ ಹೆಚ್ಚಾಗಿ ಈ ಮಾತಿನ ಮೇಲೆ ನಿಂತಿರುತ್ತದೆ ಅನ್ನುವುದು ನನ್ನ ಅನುಭವ. ಒಂದು ಬಾಬ್ತಿನಿಂದ ಇನ್ನೊಂದಕ್ಕೆ ಎಷ್ಟರವರೆಗೆ ಹಣ ತಿರುಗಿಸಬಹುದು ಅಂತ ನಿಮ್ಮ ಒಪ್ಪಂದದಲ್ಲಿ ಮಿತಿ ಇರುತ್ತದೆ. ಅದನ್ನು ಮೀರುತ್ತಿದ್ದರೆ ಅದಕ್ಕೂ ಇದೇ ಪತ್ರದಲ್ಲಿ ಒಪ್ಪಿಗೆ ಕೇಳಿ.

ಸಿಎಸ್‌ಆರ್ ಹಣವಾದ್ದರಿಂದ ನೀವು ಮಾರ್ಚ್ 31ನ್ನು ಮರೆಯುವಂತಿಲ್ಲ. ಕಂಪನಿ ನಿಮ್ಮ ಖಾತೆಗೆ ಹಣ ಹಾಕಿದ ಮಾತ್ರಕ್ಕೆ ಕಾನೂನಿನ ಕಣ್ಣಲ್ಲಿ ಅದು ಖರ್ಚಾದಂತಲ್ಲ, ನೀವು ಬಳಸಿದಾಗಲೇ ಖರ್ಚು. 2021ರಲ್ಲಿ ನಿಯಮ ಬಿಗಿಯಾದ ಮೇಲೆ, ಬಹುವರ್ಷದ ಯೋಜನೆಯ ಹಣ ಆರ್ಥಿಕ ವರ್ಷದ ಕೊನೆಗೆ ಉಳಿದರೆ ಕಂಪನಿ ಅದನ್ನು 30 ದಿನದೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಬೇಕು, ಮೂರು ಆರ್ಥಿಕ ವರ್ಷದೊಳಗೆ ಬಳಸಬೇಕು. ಬಹುವರ್ಷದ್ದಲ್ಲದ ಯೋಜನೆಯಾದರೆ ಉಳಿದದ್ದು ಆರು ತಿಂಗಳೊಳಗೆ ಪ್ರಧಾನಿ ಪರಿಹಾರ ನಿಧಿಯಂಥ ಸರ್ಕಾರಿ ನಿಧಿಗೆ ಹೋಗುತ್ತದೆ, ನಿಮ್ಮ ಕೆರೆಗೆ ಮತ್ತೆ ಬರುವುದಿಲ್ಲ. ಒಂದು ವರ್ಷಕ್ಕೆಂದು ಶುರುವಾದ ಯೋಜನೆಯನ್ನು ಸಕಾರಣವಿದ್ದರೆ ವರ್ಷ ಮೀರಿ ಮುಂದುವರಿಸಿ ಬಹುವರ್ಷದ್ದಾಗಿ ಪರಿಗಣಿಸಲು ಅವಕಾಶವಿದೆ, ಆದರೆ ಆ ತೀರ್ಮಾನ ಮಾಡಬೇಕಾದ್ದು ಕಂಪನಿಯ ಆಡಳಿತ ಮಂಡಳಿ. ನಿಮ್ಮೊಂದಿಗೆ ಫೋನಿನಲ್ಲಿ ಮಾತಾಡುವ ಸಿಎಸ್‌ಆರ್ ಅಧಿಕಾರಿ ಎಷ್ಟೇ ಒಳ್ಳೆಯವರಿದ್ದರೂ "ಆಯ್ತು ಮಾಡಿ" ಅನ್ನುವ ಅಧಿಕಾರ ಅವರಿಗಿಲ್ಲ. ಮಂಡಳಿಯ ಮುಂದಿನ ಸಭೆ ಯಾವಾಗ ಅಂತ ಅವರನ್ನೇ ಕೇಳಿ, ಅದಕ್ಕೆ ಮೂರು ವಾರ ಮೊದಲು ಪತ್ರ ಅವರ ಕೈಯಲ್ಲಿರಲಿ.

ಈ ಕಾರಣಕ್ಕೆ ನಾವು ಪರಿಷ್ಕೃತ ಕಾರ್ಯಯೋಜನೆಯ ನಡುವೆ ಮಾರ್ಚ್ 31ರ ಗೆರೆ ಎಳೆದೆವು. ಜೂನ್ ಕೊನೆಗೆ ಬಾಕಿ ಇದ್ದದ್ದು 14.4 ಲಕ್ಷ. ಅದರಲ್ಲಿ 8.5 ಲಕ್ಷ ಗೆರೆಯ ಈಚೆಗೆ ಖರ್ಚಾಗುತ್ತದೆ, 5.9 ಲಕ್ಷ ಆಚೆಗೆ. ನಮ್ಮ ಕೈಯಲ್ಲಿದ್ದದ್ದು 2.4 ಲಕ್ಷ ಮಾತ್ರ, 12 ಲಕ್ಷದ ಎರಡನೇ ಕಂತು ಇನ್ನೂ ಬಿಡುಗಡೆಯಾಗಿರಲಿಲ್ಲ. ಅದನ್ನು ಒಂದೇ ಸಲ ಕೊಡಬೇಡಿ, ಫೆಬ್ರವರಿಯಲ್ಲಿ 6.1 ಲಕ್ಷ, ಏಪ್ರಿಲ್‌ನಲ್ಲಿ 5.9 ಲಕ್ಷ ಕೊಡಿ ಅಂತ ನಾವೇ ಕೇಳಿದೆವು. ಆಗ ಮಾರ್ಚ್ 31ಕ್ಕೆ ನಮ್ಮ ಖಾತೆಯಲ್ಲಿ ಬಳಸದ ಹಣ ಇರುವುದಿಲ್ಲ. ಅವರ ಹಣಕಾಸು ವಿಭಾಗದಿಂದ ನಮಗೆ ಮೊದಲ ಸಲ ಫೋನ್ ಬಂದದ್ದು ಈ ಪುಟವನ್ನು ನೋಡಿದ ಮೇಲೆ.

ಕೆಲಸದ ವೇಳಾಪಟ್ಟಿಯನ್ನು ತಿಂಗಳ ಲೆಕ್ಕದಲ್ಲಿ ತುಂಬುವುದಕ್ಕಿಂತ ಕೆರೆಯ ಲೆಕ್ಕದಲ್ಲಿ ಬರೆಯಿರಿ. ನಮ್ಮ ಎರಡನೇ ಕೆರೆ ಬೇಗ ಬತ್ತುತ್ತದೆ, ಅಲ್ಲಿ ಫೆಬ್ರವರಿ ನಡುವೆ ಶುರು. ಮೂರನೆಯದು ಆಳ, ಮಾರ್ಚ್‌ವರೆಗೂ ನೀರು ನಿಲ್ಲುತ್ತದೆ. ಅದಕ್ಕೆ ಒಂದು ಷರತ್ತನ್ನು ನಾವೇ ಹಾಕಿಕೊಂಡೆವು: ಮಾರ್ಚ್ ಕೊನೆಗೂ ನೀರು ಇಳಿಯದಿದ್ದರೆ ಏರಿಯಿಂದ ದೂರದ, ಬೇಗ ಒಣಗುವ ಮೇಲಿನ ಅರ್ಧವನ್ನು ಮಾತ್ರ ಅಗೆದು, ಉಳಿದ ಹಣ ವಾಪಸ್ ಮಾಡುತ್ತೇವೆ, ಮತ್ತೆ ಅವಧಿ ಕೇಳುವುದಿಲ್ಲ. ಹೀಗೆ ಬರೆಯಲು ನಮ್ಮ ಸಮಿತಿಯಲ್ಲಿ ಇಬ್ಬರು ಒಪ್ಪಿರಲಿಲ್ಲ. ಆದರೆ ಹಿಂದೆ ಒಮ್ಮೆ ಎರಡನೇ ಸಲ ಕೇಳಿ ಕೈಸುಟ್ಟುಕೊಂಡಿದ್ದರಿಂದ ನಾನು ಹಠ ಹಿಡಿದೆ.

ಜುಲೈ 8ಕ್ಕೆ ಪತ್ರ ಕೊಟ್ಟೆವು, ಸೆಪ್ಟೆಂಬರ್ ಎರಡನೇ ವಾರ ತಿದ್ದುಪಡಿ ಒಪ್ಪಂದ ಸಹಿಯಾಗಿ ಬಂತು. ಆ ಸಹಿ ಬರುವವರೆಗೆ ಹಳೆಯ ಅವಧಿ ದಾಟಿ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. "ಒಪ್ಪಿಗೆ ಆಗಿದೆ, ಕಾಗದ ಬರುತ್ತೆ" ಅನ್ನುವ ವಾಟ್ಸ್ಆ್ಯಪ್ ಸಂದೇಶ ಆಡಿಟ್‌ನಲ್ಲಿ ನಿಲ್ಲುವುದಿಲ್ಲ, ಆ ಖರ್ಚು ಸಂಸ್ಥೆಯ ತಲೆಗೆ ಬರುತ್ತದೆ.

ಮೂರನೇ ಕೆರೆಯಲ್ಲಿ ಮಾರ್ಚ್ 20ಕ್ಕೂ ತೂಬಿನ ಮುಂದೆ ಮೊಣಕಾಲುದ್ದ ನೀರಿತ್ತು. ಮೇಲಿನ ಭಾಗದಿಂದ ಶುರುಮಾಡಿದೆವು, ಏಪ್ರಿಲ್ ಮೊದಲ ವಾರ ನೀರು ಇಳಿಯಿತು, ಮೇ 24ಕ್ಕೆ ಕೊನೆಯ ಟ್ರ್ಯಾಕ್ಟರ್ ಹೋಯಿತು. ನಿಮ್ಮ ಕೆರೆಗಳು ಯಾವ ತಿಂಗಳಿಗೆ ಬತ್ತುತ್ತವೆ, ಎರಡನೇ ಕಂತು ಬಂದಿದೆಯೋ ಇಲ್ಲವೋ ಅಂತ ಇಲ್ಲಿ ಬರೆದರೆ ಎಷ್ಟು ತಿಂಗಳು ಕೇಳಬಹುದು ಅಂತ ಕೂತು ಲೆಕ್ಕ ಹಾಕೋಣ.