ಪ್ರಾಜೆಕ್ಟ್ ಅರ್ಧದಲ್ಲಿ ಬಿಟ್ಟು ಹೋಗುವಾಗ ಹ್ಯಾಂಡೋವರ್ ಡಾಕ್ಯುಮೆಂಟ್‌ನಲ್ಲಿ ಏನು ಬರೆಯಬೇಕು?

*"ನಾನು ಪ್ರಾಜೆಕ್ಟ್ ಮ್ಯಾನೇಜರ್. ಪ್ರಾಜೆಕ್ಟ್ ಇನ್ನೂ ಅರ್ಧದಲ್ಲಿದೆ, ನನಗೆ ಉಳಿದಿರೋದು ಮೂರು ವಾರ. ಪ್ಲಾನ್, ಬಜೆಟ್, ಮೀಟಿಂಗ್ ನೋಟ್ಸ್ ಎಲ್ಲಾ ಶೇರ್ಡ್ ಫೋಲ್ಡರ್‌ನಲ್ಲಿ ಇದೆ. ಲಿಂಕ್‌ಗಳನ್ನು ಒಂದು ಡಾಕ್ಯುಮೆಂಟ್‌ಗೆ ಹಾಕಿ ಕೊಟ್ಟರೆ ಸಾಕಾ? ಮುಂದೆ ಬರೋರು ಒದ್ದಾಡಬಾರದು."*

ಸಾಕಾಗಲ್ಲ. ಫೋಲ್ಡರ್‌ನಲ್ಲಿ ಇರುವುದನ್ನು ಬರುವವರು ಹೇಗೋ ಹುಡುಕಿಕೊಳ್ಳುತ್ತಾರೆ. ಅಲ್ಲಿ ಇಲ್ಲದ್ದು ನಿಮ್ಮ ತಲೆಯಲ್ಲಿದೆ, ಅದು ನಿಮ್ಮ ಜೊತೆಗೇ ಹೊರಟುಹೋಗುತ್ತದೆ. ನೀವು ಯಾರಿಗೆ ಏನು ಒಪ್ಪಿಕೊಂಡಿದ್ದೀರಿ, ಯಾವ ತೀರ್ಮಾನ ಯಾವ ಷರತ್ತಿನ ಮೇಲೆ ಆಯಿತು ಅನ್ನುವುದೇ ಡಾಕ್ಯುಮೆಂಟ್‌ನ ಮುಖ್ಯ ಭಾಗ ಆಗಬೇಕು. ಇದನ್ನು ನಾನು ಕಲಿತದ್ದು ಬಿಟ್ಟು ಹೋಗುವಾಗ ಅಲ್ಲ, ಬೇರೆಯವರು ಬಿಟ್ಟು ಹೋದ ಪ್ರಾಜೆಕ್ಟ್ ಕೈಗೆತ್ತಿಕೊಂಡಾಗ.

ಆರು ಗೋದಾಮುಗಳ ಸ್ಟಾಕ್ ಲೆಕ್ಕವನ್ನು ಹಳೆಯ ಸಾಫ್ಟ್‌ವೇರ್‌ನಿಂದ ಹೊಸದಕ್ಕೆ ಬದಲಾಯಿಸುವ ಕೆಲಸ ಅದು. ನಾನು ಬರುವಾಗ ಎರಡು ಗೋದಾಮು ಮುಗಿದಿದ್ದವು. ನನಗೆ ಸಿಕ್ಕ ಹ್ಯಾಂಡೋವರ್ ಅಚ್ಚುಕಟ್ಟಾಗಿತ್ತು. ವ್ಯಾಪ್ತಿ, ತಂಡದವರ ಹೆಸರು, ವೇಳಾಪಟ್ಟಿ, ಲಿಂಕ್‌ಗಳು ಎಲ್ಲವೂ ಇದ್ದವು. ಅದರಲ್ಲಿ ಒಂದು ಸಾಲು ಹೀಗಿತ್ತು: "ಹಳೆಯ ವಹಿವಾಟುಗಳನ್ನು ಹೊಸ ಸಿಸ್ಟಂಗೆ ತರುವುದಿಲ್ಲ, ಮುಕ್ತಾಯದ ಶಿಲ್ಕು ಮಾತ್ರ ತರುವುದು." ಇದು ಸಾಮಾನ್ಯವಾಗಿ ಮಾಡುವ ಕ್ರಮವೇ. ಹಾಗಾಗಿ ಓದಿ ಮುಂದೆ ಹೋದೆ.

ಮೂರನೆಯ ಗೋದಾಮು 24ಕ್ಕೆ ಹೊಸ ಸಿಸ್ಟಂಗೆ ಹೋಯಿತು. ಪ್ಲಾನ್‌ನಲ್ಲಿ ಇದ್ದಂತೆ 27ಕ್ಕೆ ಹಳೆಯದನ್ನು ಮುಚ್ಚಿಸಿದೆ. 31ಕ್ಕೆ ತಿಂಗಳ ಕೊನೆಯ ಭೌತಿಕ ಎಣಿಕೆ. ಎಣಿಕೆಗೂ ಲೆಕ್ಕಕ್ಕೂ ತಾಳೆಯಾಗಲಿಲ್ಲ. ವ್ಯತ್ಯಾಸ ಎಲ್ಲಿಂದ ಬಂತು ಅಂತ ನೋಡಲು 24ರ ಹಿಂದಿನ ಒಂದೊಂದು ಎಂಟ್ರಿಯೂ ಬೇಕು, ಅವು ಇದ್ದದ್ದು ಮುಚ್ಚಿದ ಸಿಸ್ಟಂನಲ್ಲಿ. ಬ್ಯಾಕಪ್‌ನಿಂದ ಅದನ್ನು ಮತ್ತೆ ಎಬ್ಬಿಸುವುದಕ್ಕೆ ಎರಡು ದಿನ ಹಿಡಿಯಿತು, ಆ ತಿಂಗಳ ಲೆಕ್ಕ ತಡವಾಯಿತು. ಆಮೇಲೆ ಲೆಕ್ಕಪತ್ರ ವಿಭಾಗದ ಮುಖ್ಯಸ್ಥೆ ನನ್ನನ್ನು ಕೂರಿಸಿಕೊಂಡು ಹೇಳಿದರು: "ಹಳೇ ವಹಿವಾಟು ಬೇಡ ಅಂತ ನಾನು ಒಪ್ಪಿದ್ದೇ, ಮುಂದಿನ ತಿಂಗಳ 5ರವರೆಗೆ ಹಳೇ ಸಿಸ್ಟಂ ನೋಡೋದಕ್ಕೆ ತೆರೆದಿರುತ್ತೆ ಅಂತ ಹೇಳಿದ್ದಕ್ಕೆ."

ಆ ಮಾತು ಫೋನಿನಲ್ಲಿ ಆಗಿತ್ತು. ತೀರ್ಮಾನ ಡಾಕ್ಯುಮೆಂಟ್‌ಗೆ ಬಂತು, ಅದರ ಷರತ್ತು ಬರಲಿಲ್ಲ. ಮೊದಲ ಎರಡು ಗೋದಾಮಿನಲ್ಲಿ ಹಿಂದಿನ ಮ್ಯಾನೇಜರ್ ತಾವೇ ನೆನಪಿಟ್ಟುಕೊಂಡು ಹಳೆಯದನ್ನು ಮುಚ್ಚುವ ದಿನಾಂಕವನ್ನು ಮುಂದಕ್ಕೆ ತಳ್ಳಿದ್ದರಂತೆ. ಅವರು ಏನನ್ನೂ ಮುಚ್ಚಿಟ್ಟವರಲ್ಲ. ಅವರಿಗೆ ಅದು ಎಷ್ಟು ಗೊತ್ತಿದ್ದ ವಿಷಯ ಅಂದರೆ ಬರೆಯಬೇಕು ಅಂತಲೇ ಹೊಳೆಯಲಿಲ್ಲ. ನಿಮಗೂ ಇಂಥವು ಇರುತ್ತವೆ, ಅದಕ್ಕೇ ಬರೀ ನೆನಪಿನಿಂದ ಬರೆಯಲು ಕೂರಬೇಡಿ.

ಮೊದಲ ವಾರ ಹುಡುಕುವ ಕೆಲಸಕ್ಕೆ ಇಡಿ. ಕಳೆದ ಎರಡು ಮೂರು ತಿಂಗಳ ಸೆಂಟ್ ಮೇಲ್ ಒಂದೊಂದಾಗಿ ನೋಡಿ. "ಸರಿ, ನೋಡಿಕೊಳ್ತೀನಿ", "ಮುಂದಿನ ಹಂತದಲ್ಲಿ ಸೇರಿಸೋಣ" ಅಂತ ಬರೆದದ್ದೆಲ್ಲ ಒಂದೊಂದು ಮಾತು ಕೊಟ್ಟಂತೆಯೇ. ಆಮೇಲೆ ಕ್ಯಾಲೆಂಡರ್ ತೆರೆದು ಒಬ್ಬೊಬ್ಬರ ಜೊತೆ ಮಾತ್ರ ಆದ ಮೀಟಿಂಗ್‌ಗಳನ್ನು ನೋಡಿ. ನೋಟ್ಸ್ ಇಲ್ಲದ ಮಾತುಕತೆ ಅಲ್ಲೇ ಆಗಿರುತ್ತದೆ. ಚಾಟ್‌ನಲ್ಲೂ ಗುಂಪುಗಳಿಗಿಂತ ವೈಯಕ್ತಿಕ ಸಂದೇಶಗಳು ಮುಖ್ಯ. ಕೊನೆಗೆ ಪ್ರಾಜೆಕ್ಟ್‌ಗೆ ಸಂಬಂಧಪಟ್ಟ ಏಳೆಂಟು ಮಂದಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: "ನಾನು ನಿಮಗೆ ಮಾಡ್ತೀನಿ ಅಂತ ಹೇಳಿ ಇನ್ನೂ ಮಾಡದೇ ಇರೋದು ಏನಾದರೂ ಇದೆಯಾ?"

ಈ ಪ್ರಶ್ನೆ ಕೇಳಿದಾಗ ಕೆಲವರು ಹೊಸ ಬೇಡಿಕೆಯನ್ನೂ ಹಳೆಯ ಮಾತು ಅಂತ ಸೇರಿಸಿಬಿಡುತ್ತಾರೆ. ಹಾಗಾಗಿ ಪಟ್ಟಿಯಲ್ಲಿ "ಒಪ್ಪಿದ್ದು" ಬೇರೆ, "ಕೇಳಿದ್ದು, ಒಪ್ಪಿಲ್ಲ" ಬೇರೆ ಇರಲಿ. ಎರಡರ ನಡುವೆ ಸಿಕ್ಕಿಕೊಂಡದ್ದು ಇದ್ದರೆ ನೀವು ಇರುವಾಗಲೇ ಸ್ಪಾನ್ಸರ್ ಮುಂದೆ ಇಟ್ಟು ಇತ್ಯರ್ಥ ಮಾಡಿಸಿ. ನೀವು ಹೋದ ಮೇಲೆ ಅದಕ್ಕೆ ಸಾಕ್ಷಿ ಇರುವುದಿಲ್ಲ.

ಒಂದೊಂದು ಮಾತನ್ನೂ ಎಷ್ಟು ವಿವರವಾಗಿ ಬರೆಯಬೇಕು ಅನ್ನುವುದಕ್ಕೆ, ನನಗೆ ಅಂದು ಸಿಗಬೇಕಾಗಿದ್ದ ನಮೂದನ್ನೇ ಬರೆದು ತೋರಿಸುತ್ತೇನೆ:

> ಯಾರಿಗೆ: ಲೆಕ್ಕಪತ್ರ ವಿಭಾಗದ ಮುಖ್ಯಸ್ಥೆ.
> ಏನು: ಪ್ರತಿ ಗೋದಾಮು ಬದಲಾದ ಮೇಲೆ, ಮುಂದಿನ ತಿಂಗಳ 5ರವರೆಗೆ ಹಳೆಯ ಸಿಸ್ಟಂ ನೋಡುವುದಕ್ಕೆ ಮಾತ್ರ ತೆರೆದಿರಬೇಕು.
> ಯಾಕೆ: ಹೊಸದರಲ್ಲಿ ಮುಕ್ತಾಯದ ಶಿಲ್ಕು ಮಾತ್ರ ಇದೆ. ತಿಂಗಳ ಕೊನೆಯ ಎಣಿಕೆ ತಾಳೆ ನೋಡಲು ಹಳೆಯ ಎಂಟ್ರಿ ಬೇಕು.
> ಎಲ್ಲಿ ಹೇಳಿದ್ದು: ಫೋನಿನಲ್ಲಿ. ಬರಹದಲ್ಲಿ ಇಲ್ಲ.
> ಗಮನಿಸಿ: ಪ್ಲಾನ್‌ನಲ್ಲಿ ಮೂರೇ ದಿನಕ್ಕೆ ಮುಚ್ಚುವುದು ಅಂತಿದೆ, ಅದು ತಪ್ಪು. ಪ್ರತಿ ಸಲ ಆ ದಿನಾಂಕವನ್ನು ಕೈಯಾರೆ ಮುಂದಕ್ಕೆ ತಳ್ಳಬೇಕು.

ಕೊನೆಯ ಸಾಲು ನೋಡಿ. ಪ್ಲಾನ್ ಒಂದು ಹೇಳಿ ನಿಜ ಇನ್ನೊಂದು ಇರುವ ಕಡೆ ಯಾವುದು ಸರಿ ಅಂತ ಸ್ಪಷ್ಟವಾಗಿ ಬರೆಯದಿದ್ದರೆ, ಹೊಸಬರು ಪ್ಲಾನನ್ನೇ ನಂಬುತ್ತಾರೆ. ಸಾಧ್ಯವಾದರೆ ಪ್ಲಾನನ್ನೇ ತಿದ್ದಿಬಿಡಿ, ಆಗ ಈ ಸಾಲೇ ಬೇಕಾಗುವುದಿಲ್ಲ.

ತೀರ್ಮಾನಗಳನ್ನು ಬರೆಯುವಾಗ ಕೈಬಿಟ್ಟ ದಾರಿಯನ್ನೂ ಬರೆಯಿರಿ. ಅದೇ ಪ್ರಾಜೆಕ್ಟ್‌ನಲ್ಲಿ ಗೋದಾಮು ಬದಲಾಯಿಸುವ ದಿನ ಬುಧವಾರ ಅಂತ ಇತ್ತು. ಯಾರೇ ಹೊಸಬರು ಬಂದರೂ "ಶನಿವಾರ ರಾತ್ರಿ ಮಾಡಿದರೆ ಒಳ್ಳೆಯದಲ್ವಾ?" ಅಂತ ಕೇಳುತ್ತಾರೆ, ನಾನೂ ಕೇಳಿದೆ. ಶನಿವಾರ ಯಾಕಾಗದು ಅಂದರೆ, ಏನಾದರೂ ಕೆಟ್ಟರೆ ಡೇಟಾಬೇಸ್ ಹಿಂದಕ್ಕೆ ತರಬಲ್ಲ ಮಾರಾಟಗಾರರ ಎಂಜಿನಿಯರ್ ವಾರಾಂತ್ಯದಲ್ಲಿ ಸಿಗುವುದಿಲ್ಲ. ಇದಿಷ್ಟನ್ನು ತಿಳಿಯಲು ನನ್ನದೊಂದು ವಾರ, ತಂಡದ ಎರಡು ಮೀಟಿಂಗ್ ಖರ್ಚಾಯಿತು. "ಬುಧವಾರವೇ, ಯಾಕೆಂದರೆ ಇಂಥದ್ದು. ವಾರಾಂತ್ಯದ ಸಪೋರ್ಟ್ ಒಪ್ಪಂದ ಆದರೆ ಮತ್ತೆ ಯೋಚಿಸಬಹುದು" ಅಂತ ಎರಡು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಯಾವುದು ಬದಲಾದರೆ ತೀರ್ಮಾನವನ್ನು ಮತ್ತೆ ತೆರೆಯಬಹುದು ಅನ್ನುವ ಆ ಕೊನೆಯ ಭಾಗ ಬಿಡಬೇಡಿ. ಇಲ್ಲದಿದ್ದರೆ ಪಾಪ, ಹೊಸಬರು ಕಾರಣ ಸತ್ತುಹೋದ ಮೇಲೂ ನಿಮ್ಮ ತೀರ್ಮಾನಕ್ಕೇ ಅಂಟಿಕೊಂಡಿರುತ್ತಾರೆ.

ಹಣದ ಬಗ್ಗೆ ಒಂದು ಎಚ್ಚರಿಕೆ. "ಬಜೆಟ್‌ನಲ್ಲಿ ಇಷ್ಟು ಖರ್ಚಾಗಿದೆ, ಇಷ್ಟು ಉಳಿದಿದೆ" ಅಂತ ಎರಡೇ ಅಂಕಿ ಕೊಡಬೇಡಿ. ಒಟ್ಟು 100 ಅಂದುಕೊಳ್ಳಿ. ಪಾವತಿಯಾದದ್ದು 55, ಹಾಗಾಗಿ ಶೀಟ್ 45 ಉಳಿದಿದೆ ಅನ್ನುತ್ತದೆ. ಆದರೆ ಪರ್ಚೇಸ್ ಆರ್ಡರ್ ಕೊಟ್ಟು ಬಿಲ್ ಬಾರದೇ ಇರುವುದು 25. ಬಾಯಿಮಾತಿನಲ್ಲಿ ಒಪ್ಪಿ ಇನ್ನೂ ಸಹಿಯಾಗದ ಬದಲಾವಣೆಗಳದ್ದು 8. ನಿಜವಾಗಿ ಕೈಯಲ್ಲಿರುವುದು 12 ಮಾತ್ರ. 45 ಇದೆ ಅಂತ ನಂಬಿ ಹೊಸಬರು ಮೊದಲ ವಾರವೇ ಯಾವುದಕ್ಕೋ ಹೂಂ ಅಂದುಬಿಟ್ಟರೆ, ಎರಡು ತಿಂಗಳ ನಂತರ ಬಿಲ್‌ಗಳು ಬರುವಾಗ ತಲೆ ತಗ್ಗಿಸಬೇಕಾದವರು ಅವರು.

ಕೆಲಸದ ಪ್ರಗತಿಗೂ ಇದೇ ಮಾತು. "ಶೇಕಡಾ 80 ಮುಗಿದಿದೆ" ಅನ್ನುವುದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಉಳಿದದ್ದು ಏನು, ಅದು ಈಗ ಯಾರ ಮೇಜಿನ ಮೇಲೆ ನಿಂತಿದೆ ಅಂತ ಬರೆಯಿರಿ.

ಜನರ ಬಗ್ಗೆ ಬರೆಯುವಾಗ ಆ ವ್ಯಕ್ತಿಯೇ ಓದುತ್ತಾರೆ ಅಂದುಕೊಂಡು ಬರೆಯಿರಿ, ಯಾಕೆಂದರೆ ಈ ಫೈಲ್ ಕೈಯಿಂದ ಕೈಗೆ ಹೋಗಿಯೇ ಹೋಗುತ್ತದೆ. "ಇವರ ಜೊತೆ ಏಗುವುದು ಕಷ್ಟ" ಅಂತ ಬರೆದರೆ ಹೊಸಬರ ಮನಸ್ಸು ಮೊದಲೇ ಕೆಡುತ್ತದೆ, ಉಪಯೋಗವಂತೂ ಇಲ್ಲ. "ಮೇಲ್‌ಗೆ ಉತ್ತರ ತಡ. ಬೆಳಿಗ್ಗೆ ಫೋನ್ ಮಾಡಿದರೆ ಅಲ್ಲೇ ತೀರ್ಮಾನ ಹೇಳುತ್ತಾರೆ" ಅಂದರೆ ಕೆಲಸಕ್ಕೆ ಬರುತ್ತದೆ.

ನಿಮ್ಮ ಹೆಸರಿನಲ್ಲೇ ನಡೆಯುತ್ತಿರುವ ಸಂಗತಿಗಳಿಗೆ ಅರ್ಧ ಪುಟ ಇಡಿ. ನೀವು ಕರೆದ ವಾರದ ಮೀಟಿಂಗ್, ನಿಮ್ಮ ಒಪ್ಪಿಗೆಗೆ ಬರುವ ರಜೆ ಮತ್ತು ಬಿಲ್‌ಗಳು, ನಿಮ್ಮ ಖಾತೆಯಿಂದ ತಾನಾಗಿ ಹೋಗುವ ರಿಪೋರ್ಟ್, ಫೋಲ್ಡರ್‌ನ ಮಾಲೀಕತ್ವ. ನಿಮ್ಮ ಖಾತೆ ಮುಚ್ಚಿದ ದಿನ ಇವು ಸದ್ದಿಲ್ಲದೆ ನಿಲ್ಲುತ್ತವೆ ಅಥವಾ ಯಾರೂ ತಿದ್ದಲಾಗದ ಸ್ಥಿತಿಗೆ ಬರುತ್ತವೆ. ಕೊನೆಯ ದಿನಕ್ಕೆ ಒಂದು ವಾರ ಮೊದಲೇ ಬದಲಾಯಿಸಿ. ಪಾಸ್‌ವರ್ಡ್ ಮಾತ್ರ ಡಾಕ್ಯುಮೆಂಟ್‌ನಲ್ಲಿ ಬರೆಯಬೇಡಿ, ಹೊಸಬರ ಹೆಸರಿಗೇ ಪ್ರವೇಶ ಕೊಡಿಸಿ.

ಇಷ್ಟೆಲ್ಲ ಸೇರಿ ಎಂಟು ಹತ್ತು ಪುಟ ದಾಟದಿರಲಿ. ಮೊದಲ ಪುಟದಲ್ಲಿ ಮುಂದಿನ ಮೂರು ವಾರದ ತಾರೀಕುಗಳು ಮಾತ್ರ ಇರಲಿ: ಯಾವ ದಿನ ಏನಾಗಬೇಕು, ಅದಕ್ಕೆ ಮುಂಚೆ ಯಾರು ಹೂಂ ಅನ್ನಬೇಕು. ಹೊಸಬರು ಮೊದಲ ದಿನ ಆ ಒಂದು ಪುಟ ಓದಿದರೂ ಯಾವುದೂ ತಪ್ಪಿಹೋಗಬಾರದು.

ಬರೆದಾದ ಮೇಲೆ ಅದನ್ನು ಪರೀಕ್ಷಿಸಬೇಕು, ಬಹಳ ಮಂದಿ ಬಿಡುವುದು ಇದನ್ನೇ. ಎರಡನೆಯ ವಾರದ ಮೀಟಿಂಗನ್ನು ಹೊಸಬರೇ ನಡೆಸಲಿ, ನೀವು ಒಂದು ಮೂಲೆಯಲ್ಲಿ ಬಾಯಿ ಮುಚ್ಚಿಕೊಂಡು ಕೂರಿ. ಅವರು ಯಾವ ಪ್ರಶ್ನೆಗೆ ನಿಮ್ಮ ಕಡೆ ತಿರುಗುತ್ತಾರೋ ಅದು ಡಾಕ್ಯುಮೆಂಟ್‌ನಲ್ಲಿ ಇಲ್ಲ, ಅಥವಾ ಇದ್ದರೂ ಅರ್ಥವಾಗುವಂತಿಲ್ಲ. ಅಂದು ಸಂಜೆಯೇ ತಿದ್ದಿ. ಮೂರನೆಯ ವಾರ ಅವರಿಂದಲೇ ನಿಮಗೆ ಪ್ರಾಜೆಕ್ಟ್ ವಿವರಿಸಲು ಹೇಳಿ. "ಎಲ್ಲಾ ಅರ್ಥವಾಯಿತಾ?" ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ಅವರ ಬಾಯಿಂದ ಕೇಳುವಾಗಲೇ ಎಲ್ಲಿ ಎಡವುತ್ತಾರೆ ಅಂತ ಗೊತ್ತಾಗುವುದು.

ಮೂರು ವಾರದೊಳಗೆ ಹೊಸಬರು ಬಾರದೇ ಹೋಗಬಹುದು, ಅದು ಅಪರೂಪವೇನಲ್ಲ. ಆಗ ತಂಡದ ಹಿರಿಯರೊಬ್ಬರನ್ನು ಆ ಜಾಗದಲ್ಲಿ ಕೂರಿಸಿ ಇದೇ ಪರೀಕ್ಷೆ ಮಾಡಿ. ಆದರೆ ಅವರಿಗೆ ಈಗಾಗಲೇ ಬಹಳಷ್ಟು ಗೊತ್ತಿರುವುದರಿಂದ ಡಾಕ್ಯುಮೆಂಟ್‌ನ ತೂತುಗಳು ಅವರಿಗೆ ಕಾಣುವುದಿಲ್ಲ. ಪ್ರಾಜೆಕ್ಟ್ ಗೊತ್ತೇ ಇಲ್ಲದ ಬೇರೆ ತಂಡದ ಮ್ಯಾನೇಜರ್ ಒಬ್ಬರಿಗೆ ಒಂದು ಗಂಟೆ ಬಿಡುವು ಮಾಡಿಕೊಳ್ಳಲು ಕೇಳಿ, ಮೊದಲ ಪುಟ ಮತ್ತು ಮಾತು ಕೊಟ್ಟ ಪಟ್ಟಿ ಓದಿಸಿ, ಅವರು ಕೇಳಿದ ಪ್ರಶ್ನೆಗಳನ್ನೆಲ್ಲ ಬರೆದುಕೊಳ್ಳಿ. ಮಾತು ಕೊಟ್ಟ ಪಟ್ಟಿಯನ್ನು ಸ್ಪಾನ್ಸರ್‌ಗೂ ಕಳಿಸಿ, ನೋಡಿದ್ದೇನೆ ಅಂತ ಉತ್ತರ ತರಿಸಿಕೊಳ್ಳಿ. ಹೊಸಬರು ಬರುವವರೆಗೆ ಆ ಮಾತುಗಳನ್ನು ನಡೆಸಿಕೊಡಬೇಕಾದವರು ಅವರೇ.