ಬಿಡಿಎಸ್, ಬಿಪಿಟಿ ಪ್ರವೇಶಕ್ಕೆ ಅನಾಟಮಿ ಎಷ್ಟು ಓದಬೇಕು?

“ನಾನು ಗದಗಿನಲ್ಲಿ ಸೆಕೆಂಡ್ ಪಿಯುಸಿ ಓದುತ್ತಿದ್ದೇನೆ. ಬಿಡಿಎಸ್ ಇಲ್ಲವೇ ಬಿಪಿಟಿ ಸಿಕ್ಕರೆ ಸಾಕು. ಮೆಡಿಕಲ್‌ನವರು ಓದುವ ಅನಾಟಮಿ, ಫಿಸಿಯಾಲಜಿಯಲ್ಲಿ ನನಗೆ ಬೇಕಾದದ್ದು ಯಾವುದು, ಬಿಡಬಹುದಾದದ್ದು ಯಾವುದು?”

ಬಿಡಿಎಸ್ ಸೀಟು ಸಿಗುವುದೂ ಎಂಬಿಬಿಎಸ್‌ನವರು ಬರೆಯುವ ನೀಟ್‌ನಿಂದಲೇ ಆದ್ದರಿಂದ ಪಠ್ಯದೊಳಗೆ ನೀವು ಬಿಡಬಹುದಾದ ಭಾಗವೇನೂ ಇಲ್ಲ. ಬಿಪಿಟಿಗೆ ನಿಮ್ಮ ವರ್ಷ ಯಾವ ಪರೀಕ್ಷೆಯ ರ‍್ಯಾಂಕ್ ಹಿಡಿಯುತ್ತಾರೆಂಬುದನ್ನು ಕೆಇಎ ಪ್ರಕಟಣೆಯಲ್ಲಿ ನೋಡಿಕೊಳ್ಳಿ; ಯಾವುದೇ ಇರಲಿ, ಓದಬೇಕಾದದ್ದು ಪಿಯುಸಿ ಜೀವಶಾಸ್ತ್ರವನ್ನೇ. ಬಿಡಬೇಕಾದದ್ದೆಲ್ಲ ಇರುವುದು ಆ ಪಠ್ಯದ ಹೊರಗೆ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದ ಮೇಲೆ. ಈಗ ಹುಬ್ಬಳ್ಳಿಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೇನೆ. ಅಂದು ಧಾರವಾಡದ ಸಪ್ತಾಪುರದಲ್ಲಿ ರೂಮು ಹಿಡಿದು ಓದುತ್ತಿದ್ದಾಗ, ಮುಂದೆ ಹೇಗೂ ಬೇಕಾಗುತ್ತದೆಂದು ಸೀನಿಯರ್ ಒಬ್ಬರಿಂದ ಮೊದಲ ವರ್ಷದ ಅನಾಟಮಿ ಗ್ರಂಥವನ್ನು ತಂದು ಮೊಣಕಾಲಿನ ಅಧ್ಯಾಯವನ್ನು ಪೂರ್ತಿ ಓದಿದೆ. ಅದರಲ್ಲಿ ಮೊಣಕಾಲು ಬರೀ ಬಾಗಿಲ ತಿರುಗಣಿಯಂತಲ್ಲ, ಸ್ವಲ್ಪ ಹೊರಳುತ್ತದೆ ಕೂಡ ಎಂದಿತ್ತು. ಅದು ನಿಜವೇ. ಆದರೆ ಪಿಯುಸಿ ಪುಸ್ತಕಕ್ಕೆ ಮೊಣಕಾಲು ಹಿಂಜ್ ಕೀಲಿಗೆ ಉದಾಹರಣೆ, ಅಷ್ಟೇ. ಮಾದರಿ ಪರೀಕ್ಷೆಯಲ್ಲಿ ನಾನು ಹೆಚ್ಚು ತಿಳಿದು ತಪ್ಪು ಉತ್ತರ ಬರೆದೆ. ನೀಟ್‌ನಲ್ಲಾದರೆ ಸರಿಯುತ್ತರದ 4 ಅಂಕ ಹೋಗುವುದರ ಜೊತೆಗೆ ಇನ್ನೊಂದು ಅಂಕ ಕಳೆಯುತ್ತಾರೆ. ಬಿಡಿಎಸ್ ಆಸೆಯವರು ಇದೇ ತಪ್ಪನ್ನು ಹಲ್ಲಿನ ವಿಷಯದಲ್ಲಿ ಮಾಡುತ್ತಾರೆ. ದಂತಸೂತ್ರ, ಹಾಲುಹಲ್ಲು ಎಲ್ಲವೂ ಇದ್ದದ್ದು ಜೀರ್ಣಕ್ರಿಯೆಯ ಅಧ್ಯಾಯದಲ್ಲಿ, ಆ ಅಧ್ಯಾಯವನ್ನೇ 2024ರ ನೀಟ್ ಪಠ್ಯದಿಂದ ಕೈಬಿಟ್ಟಿದ್ದಾರೆ.

ಹಾಗಾದರೆ ಸಮಯವನ್ನು ಎಲ್ಲಿ ಹಾಕಬೇಕು? ಪ್ರವೇಶ ಪರೀಕ್ಷೆಯ ಅನಾಟಮಿ ತೆಳುವಾದದ್ದು: 206 ಮೂಳೆಗಳ ವಿಂಗಡಣೆ, ಪಕ್ಕೆಲುಬುಗಳ ಬಗೆ, ಕೀಲುಗಳ ಬಗೆ, ಹೃದಯ ಮತ್ತು ಮೂತ್ರಪಿಂಡದ ರಚನೆ ಇಂಥವು. ಅದನ್ನು ಬಾಯಿಪಾಠ ಮಾಡಿದರೆ ಮುಗಿಯಿತು. ಫಿಸಿಯಾಲಜಿ ಹಾಗಲ್ಲ, ಅಲ್ಲಿ ಒಂದೇ ಸಂಗತಿ ಮೂರು ನಾಲ್ಕು ಅಧ್ಯಾಯಗಳಲ್ಲಿ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಆದ್ದರಿಂದ ಅಧ್ಯಾಯದ ಬದಲು ಪದಾರ್ಥದ ಹೆಸರಿನಲ್ಲಿ ಒಂದೊಂದು ಪುಟ ಮಾಡಿಕೊಳ್ಳಿ. ನಾನು ಮೊದಲು ಮಾಡಿದ್ದು ಕ್ಯಾಲ್ಸಿಯಂ ಪುಟ.

ಚಲನೆಯ ಅಧ್ಯಾಯದಿಂದ ಆರಂಭಿಸಿದೆ. ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ ಬಿಡುಗಡೆಯಾಗಿ ಸ್ನಾಯುತಂತುವಿನ ಪೊರೆಯಲ್ಲಿ ವಿದ್ಯುತ್ ಸಂಕೇತ ಹುಟ್ಟುತ್ತದೆ. ಅದರಿಂದ ತಂತುವಿನೊಳಗಿನ ಸಾರ್ಕೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಉಗ್ರಾಣವು ಕ್ಯಾಲ್ಸಿಯಂ ಬಿಡುತ್ತದೆ. ಅದು ಟ್ರೊಪೋನಿನ್‌ಗೆ ಅಂಟಿಕೊಂಡಾಗ ಆಕ್ಟಿನ್ ಮೇಲೆ ಮುಚ್ಚಿದ್ದ ಜಾಗ ತೆರೆದು ಮಯೋಸಿನ್ ಹಿಡಿಯುತ್ತದೆ. ಇದರ ಕೆಳಗೆ ಹಾರ್ಮೋನು ಅಧ್ಯಾಯದ್ದನ್ನು ಬರೆದೆ: ಪ್ಯಾರಾಥೈರಾಯ್ಡ್ ಹಾರ್ಮೋನು ಮೂಳೆಯಿಂದ ತೆಗೆದು, ಮೂತ್ರಪಿಂಡದಲ್ಲಿ ಉಳಿಸಿ, ಆಹಾರದಿಂದ ಹೀರಿಸಿ ರಕ್ತದ ಕ್ಯಾಲ್ಸಿಯಂ ಏರಿಸುತ್ತದೆ, ಕ್ಯಾಲ್ಸಿಟೋನಿನ್ ಇಳಿಸುತ್ತದೆ. ಅದರ ಪಕ್ಕಕ್ಕೆ ರಕ್ತದ ಅಧ್ಯಾಯದಿಂದ ಒಂದೇ ಸಾಲು, ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕು.

ಪುಟ ತುಂಬಿದಾಗಲೇ ನನಗೊಂದು ವಿರೋಧ ಕಂಡಿತು. ಕ್ಯಾಲ್ಸಿಯಂ ಇಲ್ಲದೆ ಸ್ನಾಯು ಕುಗ್ಗದು ಎಂದು ಮೇಲೆ ಬರೆದಿದ್ದೇನೆ. ಆದರೆ ಅದೇ ಚಲನೆಯ ಅಧ್ಯಾಯದ ಕೊನೆಯಲ್ಲಿ, ದೇಹದ್ರವದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಟೆಟನಿ, ಅಂದರೆ ಸ್ನಾಯು ಸೆಳೆತ ಬರುತ್ತದೆ ಎಂದಿದೆ. ಕಡಿಮೆಯಾದರೆ ಸ್ನಾಯು ಸಡಿಲವಾಗಬೇಕಲ್ಲವೇ? ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ನಮ್ಮ ಉಪನ್ಯಾಸಕರೊಬ್ಬರು ಬಿಡಿಸಿ ಹೇಳಿದರು: ಟ್ರೊಪೋನಿನ್‌ಗೆ ಸಿಗುವ ಕ್ಯಾಲ್ಸಿಯಂ ತಂತುವಿನೊಳಗಿನ ಉಗ್ರಾಣದ್ದು, ಟೆಟನಿಯಲ್ಲಿ ಕಡಿಮೆಯಾಗುವುದು ಹೊರಗಿನ ದ್ರವದ್ದು. ಹೊರಗಿನ ಕ್ಯಾಲ್ಸಿಯಂ ನರದ ಪೊರೆಯಲ್ಲಿರುವ ಸೋಡಿಯಂ ಬಾಗಿಲುಗಳು ಸುಮ್ಮಸುಮ್ಮನೆ ತೆರೆಯದಂತೆ ತಡೆಯುತ್ತದೆ. ಅದು ಇಳಿದಾಗ ನರವು ಸಣ್ಣ ಪ್ರಚೋದನೆಗೂ ಮೇಲಿಂದ ಮೇಲೆ ಸಂಕೇತ ಕಳಿಸುತ್ತದೆ, ಉಗ್ರಾಣದಲ್ಲಿ ಕ್ಯಾಲ್ಸಿಯಂ ಇದ್ದೇ ಇರುವುದರಿಂದ ಸ್ನಾಯು ಕುಗ್ಗುತ್ತಲೇ ಇರುತ್ತದೆ. ಸೋಡಿಯಂ ಬಾಗಿಲು ನರವ್ಯೂಹದ ಅಧ್ಯಾಯದ್ದು. ಹೀಗೆ ನಾಲ್ಕು ಅಧ್ಯಾಯಗಳು ಒಂದು ಪುಟಕ್ಕೆ ಬಂದವು. ಸೋಡಿಯಂಗೆ, ಆಮ್ಲಜನಕಕ್ಕೆ ಇಂಥ ಪುಟಗಳನ್ನು ನೀವೇ ಮಾಡಿ.

ಪುಟ ಕೆಲಸಕ್ಕೆ ಬಂದಿದೆಯೋ ಇಲ್ಲವೋ ತಿಳಿಯಲು ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ, ತಪ್ಪಾದ ಪ್ರಶ್ನೆಯ ಪಕ್ಕದಲ್ಲಿ ಹೆಸರು ಮರೆತದ್ದಾದರೆ ‘ಹೆ’ ಎಂದೂ, ಒಂದಕ್ಕೊಂದು ಕೊಂಡಿ ತಿಳಿಯದ್ದಾದರೆ ‘ಕೊಂ’ ಎಂದೂ ಬರೆಯಿರಿ. ‘ಹೆ’ ಹೆಚ್ಚಿದ್ದರೆ ಪಠ್ಯಪುಸ್ತಕವನ್ನೇ ಇನ್ನೊಮ್ಮೆ ಓದಬೇಕು, ಪುಟಗಳಿಂದ ಏನೂ ಆಗದು. ‘ಕೊಂ’ ಹೆಚ್ಚಿದ್ದರೆ ಮಾತ್ರ ಹೊಸ ಪುಟ ಮಾಡಿ. ಸೀನಿಯರ್‌ಗಳ ದಪ್ಪ ಗ್ರಂಥವನ್ನು ಸೀಟು ಸಿಕ್ಕ ಮೇಲೆ ಕೇಳಿ ತಂದರಾಯಿತು.