ಡೊನೆಪೆಝಿಲ್ ಮಾತ್ರೆ, ನಮ್ಮ ತೋಡಿನ ಕಟ್ಟ

ಪ್ರಶ್ನೆ: ಅಮ್ಮನಿಗೆ ಆಲ್ಝೈಮರ್ ಅಂತ ಡೊನೆಪೆಝಿಲ್ ಶುರು ಮಾಡಿ ಐದು ತಿಂಗಳಾಯಿತು. ನೆನಪು ಸ್ವಲ್ಪವೂ ಸುಧಾರಿಸಿಲ್ಲ, ಈಗ ಮೂತ್ರದ ತೊಂದರೆ ಬೇರೆ. ಡೋಸ್ ಜಾಸ್ತಿ ಮಾಡಿಸಲಾ, ನಿಲ್ಲಿಸಲಾ?

ಡೋಸಿನ ಮಾತು ಆಮೇಲೆ. ಮೂತ್ರಕ್ಕೆ ಅಂತ ಬೇರೆ ಮಾತ್ರೆ ಏನಾದರೂ ಶುರು ಮಾಡಿದ್ದೀರಾ? ಮಾಡಿದ್ದರೆ ಅದರ ಹೆಸರು ಓದಿಕೊಂಡು ಇವತ್ತೇ ನರರೋಗದ ಡಾಕ್ಟರಿಗೆ ಫೋನ್ ಮಾಡಿ. ನಾನು ಎಡವಿದ್ದು ಅಲ್ಲೇ.

ನಮ್ಮದು ಕಾರ್ಕಳದ ಕಡೆ ಅಡಿಕೆ ತೋಟ. ಅಪ್ಪನಿಗೆ ಆಗ 74. ಒಂದೇ ವಾರದ ಕೂಲಿಯನ್ನು ಆಳುಗಳಿಗೆ ಎರಡು ಸಲ ಕೊಟ್ಟಾಗ ನಮಗೆ ಗೊತ್ತಾಯಿತು. ಉಡುಪಿಯಲ್ಲಿ ನೆನಪಿನ ಪರೀಕ್ಷೆ ಮಾಡಿಸಿದೆವು, 30ಕ್ಕೆ 19 ಅಂಕ ಬಂತು. ಡಾಕ್ಟರು ಡೊನೆಪೆಝಿಲ್ 5 ಮಿಲಿಗ್ರಾಂ ಶುರು ಮಾಡಿ, ಒಂದು ತಿಂಗಳ ಮೇಲೆ 10 ಮಾಡಿದರು. ಮೊದಲ ಎರಡು ತಿಂಗಳು ಸ್ವಲ್ಪ ಚುರುಕಾದ ಹಾಗೆ ಕಂಡಿತು, ಪೇಪರು ಹಿಡಿದು ಕೂರುತ್ತಿದ್ದರು. ಆಮೇಲೆ ಅದೂ ಇಲ್ಲ. ಹೊಟ್ಟೆ ಸಡಿಲವಾಯಿತು, ಬಚ್ಚಲಿಗೆ ಮುಟ್ಟುವ ಮೊದಲೇ ಲುಂಗಿ ಒದ್ದೆ ಆಗತೊಡಗಿತು.

ನಾನು ಏನು ಮಾಡಿದೆ ಅಂದರೆ, ವಯಸ್ಸಾಯ್ತಲ್ಲ, ಪ್ರಾಸ್ಟೇಟ್ ಇರಬೇಕು ಅಂದುಕೊಂಡು ಹತ್ತಿರದ ಇನ್ನೊಬ್ಬ ಡಾಕ್ಟರ ಹತ್ತಿರ ಕರಕೊಂಡು ಹೋದೆ. ಫೈಲು ಮನೆಯಲ್ಲೇ ಬಿಟ್ಟಿದ್ದೆ. "ಬೇರೆ ಏನಾದರೂ ಮಾತ್ರೆ ಉಂಟಾ?" ಅಂತ ಅವರು ಕೇಳಿದ್ದು ಇವತ್ತಿಗೂ ನೆನಪಿದೆ. ಬಿಪಿದು ಒಂದು ಅಂದೆ. ಮರೆವಿನ ಮಾತ್ರೆಗೂ ಮೂತ್ರಕ್ಕೂ ಏನು ಸಂಬಂಧ ಅಂತ ಅದನ್ನು ಹೇಳಲೇ ಇಲ್ಲ. ಜೊತೆಗೆ ಸ್ವಲ್ಪ ನಾಚಿಕೆಯೂ ಇತ್ತು, ಊರಿನ ಕ್ಲಿನಿಕ್ಕು, ಹೊರಗೆ ಕೂತವರೆಲ್ಲ ಗುರ್ತದವರು. ಅವರು ಆಕ್ಸಿಬ್ಯುಟಿನಿನ್ ಬರೆದುಕೊಟ್ಟರು. ತಪ್ಪು ಅವರದ್ದಲ್ಲ, ನನ್ನದು.

ಲುಂಗಿ ಒದ್ದೆಯಾಗುವುದು ಕಡಿಮೆಯಾಯಿತು. ನಾವೆಲ್ಲ ಖುಷಿ. ಎರಡು ವಾರದಲ್ಲಿ ಅಪ್ಪನ ಬಾಯಿ ಒಣಗಿ ಮಾತು ಅಂಟತೊಡಗಿತು, ಮಲಬದ್ಧತೆ ಬಂತು, ಸಂಜೆಯಾದರೆ ಅಂಗಳದಲ್ಲಿ ಯಾರೋ ನಿಂತಿದ್ದಾರೆ ಅನ್ನುತ್ತಿದ್ದರು. ಕಾಯಿಲೆ ಜೋರಾಯಿತು, ಮಾತ್ರೆ ನಾಟುತ್ತಿಲ್ಲ ಅಂತ ನಾನು ಲೆಕ್ಕ ಹಾಕಿದೆ. ಒಂದು ರಾತ್ರಿ ಆ "ಯಾರೋ" ಅವರನ್ನು ಓಡಿಸಲು ಹೋಗಿ ಜಗಲಿಯ ಮೆಟ್ಟಿಲಿಂದ ಬಿದ್ದರು. ಸೊಂಟದ ಹತ್ತಿರ ತೊಡೆಯ ಮೂಳೆ ಮುರಿಯಿತು. ಆಪರೇಶನ್ ಆಯಿತು, ವಾಕರ್ ಬಂತು, ತೋಟಕ್ಕೆ ಇಳಿಯುವುದು ಮಾತ್ರ ಅಲ್ಲಿಗೆ ಮುಗಿಯಿತು.

ನರರೋಗದ ಡಾಕ್ಟರು ಆಮೇಲೆ ಮನೆಯಲ್ಲಿರುವ ಮಾತ್ರೆಯೆಲ್ಲ ಒಂದು ಚೀಲದಲ್ಲಿ ತನ್ನಿ ಅಂದರು. ಮೇಜಿನ ಮೇಲೆ ಸುರಿದೆ. ಆಕ್ಸಿಬ್ಯುಟಿನಿನ್ ಪಟ್ಟಿಯನ್ನು ಬೇರೆ ತೆಗೆದಿಟ್ಟು, "ಇದು ಡೊನೆಪೆಝಿಲನ್ನು ಕೊಲ್ಲುವ ಮಾತ್ರೆ ಮಾರಾಯ್ರೆ" ಅಂದರು.

ಅವತ್ತು ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಮೆದುಳಿನ ತಳದಲ್ಲಿ, ಮುಂದಿನ ಭಾಗಕ್ಕೆ, ಒಂದು ಸಣ್ಣ ನರಕೋಶಗಳ ಗುಂಪು ಉಂಟು. ಅಲ್ಲಿಂದ ಹೊರಟ ಎಳೆಗಳು ಮೆದುಳಿನ ಹೊರಪದರದ ತುಂಬ ಹರಡಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಿಡುತ್ತವೆ. ಗಮನ ಇಡುವುದಕ್ಕೆ, ಹೊಸ ಸಂಗತಿ ಮನಸ್ಸಿನಲ್ಲಿ ಕೂರುವುದಕ್ಕೆ ಅದು ಬೇಕು. ಆಲ್ಝೈಮರ್‌ನಲ್ಲಿ ಆ ಕೋಶಗಳು ಸಾಯುತ್ತಾ ಹೋಗುತ್ತವೆ. ಅಸಿಟೈಲ್‌ಕೋಲಿನ್ ತಯಾರಿಸುವ ಕಿಣ್ವ ರೋಗಿಗಳ ಮೆದುಳಿನಲ್ಲಿ ತುಂಬ ಕಡಿಮೆ ಇದೆ ಅಂತ 1976ರ ಸುಮಾರಿಗೆ ಕಂಡಾಗ, ಪಾರ್ಕಿನ್ಸನ್ಸ್‌ಗೆ ಡೋಪಮೈನ್ ತುಂಬಿದ ಹಾಗೆ ಇಲ್ಲೂ ತುಂಬಿದರಾಯಿತು ಅಂತ ಆಸೆ ಹುಟ್ಟಿತು. ಕೋಲಿನ್, ಲೆಸಿಥಿನ್ ತಿನ್ನಿಸಿ ನೋಡಿದರು, ಪ್ರಯೋಜನವಾಗಲಿಲ್ಲ. (ಈಗಲೂ ಅದೇ ಪುಡಿಯನ್ನು ಡಬ್ಬದಲ್ಲಿ ಮಾರುತ್ತಾರೆ. ದುಡ್ಡು ಹಾಕಬೇಡಿ.) ಕೊನೆಗೆ ಕೈಹಿಡಿದದ್ದು, ಇದ್ದ ಅಸಿಟೈಲ್‌ಕೋಲಿನ್ ಬೇಗ ಒಡೆಯದ ಹಾಗೆ ತಡೆಯುವ ದಾರಿ. ಡೊನೆಪೆಝಿಲ್, ರಿವಾಸ್ಟಿಗ್ಮಿನ್, ಗ್ಯಾಲಂಟಮೈನ್ ಮೂರರದ್ದೂ ಮುಖ್ಯವಾಗಿ ಅದೇ ಕೆಲಸ.

ಇದು ನಮ್ಮ ತೋಡಿನ ಕಟ್ಟದ ಹಾಗೆ. ಮಳೆ ನಿಂತ ಮೇಲೆ ತೋಡಿಗೆ ಅಡ್ಡ ಕಲ್ಲು ಮಣ್ಣು ಹಾಕಿ ಕಟ್ಟ ಕಟ್ಟುತ್ತೇವಲ್ಲ, ಕಟ್ಟ ನೀರು ಹುಟ್ಟಿಸುವುದಿಲ್ಲ, ಹೋಗುವ ನೀರನ್ನು ನಿಲ್ಲಿಸುತ್ತದೆ ಅಷ್ಟೆ. ಒರತೆ ಇರುವಷ್ಟು ದಿನ ತೋಟಕ್ಕೆ ನಾಲ್ಕು ದಿನ ಜಾಸ್ತಿ ನೀರು. ಒರತೆಯೇ ಬತ್ತಿದರೆ ಕಟ್ಟವನ್ನು ಎಷ್ಟು ಎತ್ತರಿಸಿ ಏನು ಮಾಡುವುದು? ಅಸಿಟೈಲ್‌ಕೋಲಿನ್ ಬಿಡುವ ಕೋಶ ಸಾಯುವುದನ್ನು ಈ ಮಾತ್ರೆ ನಿಲ್ಲಿಸುವುದಿಲ್ಲ. ಅಷ್ಟೇ ಅಲ್ಲ, ಆ ಹೊತ್ತಿಗೆ ತೋಟದ ಮರಗಳೂ ಸಾಯುತ್ತಿರುತ್ತವೆ. ಹೊರಪದರದ ನರಕೋಶಗಳು, ಅವುಗಳ ನಡುವಿನ ಕೊಂಡಿಗಳು, ಬೇರೆ ರಾಸಾಯನಿಕಗಳ ವ್ಯವಸ್ಥೆ, ಎಲ್ಲವೂ ಕಾಯಿಲೆಗೆ ತುತ್ತಾಗುತ್ತವೆ.

ಹಾಗಾಗಿ ಸಿಗುವ ಲಾಭ ಸಣ್ಣದು. ಆರು ತಿಂಗಳ ಪರೀಕ್ಷೆಗಳಲ್ಲಿ, ಸುಳ್ಳು ಮಾತ್ರೆ ತಿಂದವರಿಗೂ ಡೊನೆಪೆಝಿಲ್ ತಿಂದವರಿಗೂ 30 ಅಂಕದ ಪರೀಕ್ಷೆಯಲ್ಲಿ ಸರಾಸರಿ ಒಂದು ಅಂಕದಷ್ಟು ವ್ಯತ್ಯಾಸ. ಕಾಯಿಲೆ ವರ್ಷಕ್ಕೆ ಎರಡು ಮೂರು ಅಂಕ ಇಳಿಸುತ್ತದೆ. ಅಂದರೆ ಸಿಕ್ಕಿದ್ದು ಕೆಲವು ತಿಂಗಳು. ಕೆಲವರಿಗೆ ಇದಕ್ಕಿಂತ ಜಾಸ್ತಿ, ಕೆಲವರಿಗೆ ಏನೂ ಇಲ್ಲ. ಅದಕ್ಕೇ "ನೆನಪು ಸುಧಾರಿಸಿಲ್ಲ" ಅಂತ ನೀವು ಹಿಡಿದ ಅಳತೆಯೇ ಸರಿ ಇಲ್ಲ ಅಂತೀನಿ. ಐದು ತಿಂಗಳ ಹಿಂದೆ ಅಮ್ಮ ತಾವೇ ಸೀರೆ ಉಡುತ್ತಿದ್ದರಾ, ಈಗಲೂ ಉಡುತ್ತಾರಾ? ಇದ್ದಲ್ಲೇ ಇದ್ದರೆ ಅದೇ ಲಾಭ ಇರಬಹುದು.

ಡೋಸ್ ಏರಿಸಿದರೆ? ಕಟ್ಟ ಎತ್ತರಿಸಿದರೆ ನೀರು ಪಕ್ಕದವರ ಗದ್ದೆಗೂ ನುಗ್ಗುತ್ತದೆ. ಕರುಳು, ಮೂತ್ರಕೋಶ, ಹೃದಯಕ್ಕೂ ಇದೇ ಅಸಿಟೈಲ್‌ಕೋಲಿನ್ ಬೇಕಲ್ವಾ. ಭೇದಿ, ಮೂತ್ರದ ಅವಸರ, ನಾಡಿ ನಿಧಾನವಾಗಿ ತಲೆ ತಿರುಗಿ ಬೀಳುವುದು, ಎಲ್ಲ ಅಲ್ಲಿಂದಲೇ. ಅಮ್ಮ ಬಿಪಿಗೆ ಅಂತ ಅಟೆನೊಲಾಲ್ ಅಥವಾ ಮೆಟೊಪ್ರೊಲಾಲ್ ತಿನ್ನುತ್ತಿದ್ದರೆ ನಾಡಿ ಎಣಿಸಿ, ಅವೂ ನಾಡಿ ನಿಧಾನ ಮಾಡುತ್ತವೆ. 50ಕ್ಕಿಂತ ಕೆಳಗೆ ಬಂದರೆ, ತಲೆ ತಿರುಗಿ ಬಿದ್ದರೆ, ಕಾಯಬೇಡಿ.

ನಾನು ಅಪ್ಪನಿಗೆ ಮಾಡಿದ್ದು ಏನೆಂದರೆ, ಕಟ್ಟದಲ್ಲಿ ನೀರು ನಿಲ್ಲಿಸಿ ತೋಟದ ಕಂಡಿಗೆ ಬೆಣೆ ಹೊಡೆದದ್ದು. ಅಸಿಟೈಲ್‌ಕೋಲಿನ್ ಹೋಗಿ ಕೂರುವ ಜಾಗವನ್ನೇ ಆಕ್ಸಿಬ್ಯುಟಿನಿನ್ ಮುಚ್ಚುತ್ತದೆ, ಮೂತ್ರಕೋಶದಲ್ಲಿ ಮಾತ್ರವಲ್ಲ, ಮೆದುಳಿನಲ್ಲೂ. ಅದೊಂದೇ ಅಲ್ಲ. ಶೀತದ ಮಾತ್ರೆಯ ಕ್ಲೋರ್‌ಫೆನಿರಮೈನ್, ಹೊಟ್ಟೆ ಹಿಡಿದದ್ದಕ್ಕೆ ಕೊಡುವ ಡೈಸೈಕ್ಲೊಮಿನ್, ನಿದ್ದೆಗೋ ನೋವಿಗೋ ಬರೆಯುವ ಅಮಿಟ್ರಿಪ್ಟಿಲಿನ್ ಇವೂ ಅದೇ ಜಾತಿ. ಮೆಡಿಕಲ್ಲಿನಲ್ಲಿ ಚೀಟಿ ಇಲ್ಲದೆ ಸುಮ್ನೆ ತಂದು ಕೊಡುವಂಥವೂ ಇದರಲ್ಲಿ ಉಂಟು. ಬಾಯಿ ಒಣಗುವುದು, ಮಲಬದ್ಧತೆ, ಕೆಲವೇ ದಿನದಲ್ಲಿ ಏರಿದ ಗೊಂದಲ ಮೂರೂ ಒಟ್ಟಿಗೆ ಬಂದರೆ ಮೊದಲು ಹೊಸ ಮಾತ್ರೆಯ ಮೇಲೆ ಅನುಮಾನ ಪಡಿ. ಆಲ್ಝೈಮರ್ ಸಾಮಾನ್ಯವಾಗಿ ಹದಿನೈದು ದಿನದಲ್ಲಿ ಹಾಗೆ ಕುಸಿಯುವುದಿಲ್ಲ.

ನಮ್ಮಲ್ಲಿ ಆಕ್ಸಿಬ್ಯುಟಿನಿನ್ ನಿಲ್ಲಿಸಿ, ಡೊನೆಪೆಝಿಲ್ 5ಕ್ಕೆ ಇಳಿಸಿದರು. ಹತ್ತು ದಿನದಲ್ಲಿ ಅಂಗಳದ ಆಸಾಮಿ ಮಾಯ. ಮೂತ್ರದ ಅವಸರವೂ ತಗ್ಗಿತು, ಉಳಿದದ್ದಕ್ಕೆ ಎರಡು ಗಂಟೆಗೊಮ್ಮೆ ನಾವೇ ಬಚ್ಚಲಿಗೆ ಕರಕೊಂಡು ಹೋಗುತ್ತೇವೆ.

ನಿಲ್ಲಿಸುವ ಯೋಚನೆ ಇದ್ದರೆ ಒಮ್ಮೆಗೇ ನಿಲ್ಲಿಸಬೇಡಿ. 10 ಇದ್ದರೆ ಡಾಕ್ಟರನ್ನು ಕೇಳಿ 5ಕ್ಕೆ ಇಳಿಸಿ, ಒಂದು ತಿಂಗಳು ನೋಡಿ, ಆಮೇಲೆ ಬಿಡಿ. ಕೆಲವರು ಬಿಟ್ಟ ಮೇಲೆ ಇಳಿಯುತ್ತಾರೆ, ಮತ್ತೆ ಶುರು ಮಾಡಿದರೂ ಹಿಂದಿನ ಮಟ್ಟ ಸಿಗುತ್ತದೆ ಅಂತ ಹೇಳಲಾಗದು. ಈ ಸಲ ಹೋಗುವಾಗ ಮಾತ್ರೆಯ ಚೀಲ ಒಯ್ಯಿರಿ, ಹೋಮಿಯೋಪತಿ ಡಬ್ಬಿ, ಕೆಮ್ಮಿನ ಸಿರಪ್ಪು ಸೇರಿಸಿ.